ಪದಚರ್ಚೆ: ಹಲ್ಲಿನ ಡಾಕ್ಟರಿಗೆ ಬರೆಯುವಾಗ ‘ಇಂಪ್ರೆಷನ್’ಗೆ ಏನನ್ನಬೇಕು?

ಸುಮಾ, ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಮಾರ್ಕೆಟಿಂಗ್ ಕೆಲಸ ಮಾಡಿಕೊಡುವವಳು. ಮಂಡ್ಯದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿರುವ ಡಾಕ್ಟರೊಬ್ಬರು ಗೂಗಲ್ ಹುಡುಕಾಟದಲ್ಲಿ ಜಾಹೀರಾತು ಹಾಕಿಸುವ ಯೋಚನೆಯಲ್ಲಿದ್ದಾರೆ. ಕ್ಲಿನಿಕ್ಕಿನ ದುಡ್ಡುಕಾಸು ನೋಡಿಕೊಳ್ಳುವುದು ಅವರ ಅಕ್ಕ. ಅವರಿಗೂ ತಿಳಿಯಬೇಕು, ಕನ್ನಡದಲ್ಲೇ ಬರೆಯಿರಿ ಎಂದಿದ್ದರು. ನಾನು ಬರೆದ ಇಮೇಲಿನ ಮುಖ್ಯ ಭಾಗ ಹೀಗಿತ್ತು:

“ತಿಂಗಳಿಗೆ ₹15,000 ಜಾಹೀರಾತಿಗೆ ಹಾಕಿದರೆ 12,000 ಇಂಪ್ರೆಷನ್ ಸಿಗುತ್ತವೆ. ಅಂದರೆ 12,000 ಜನ ನಿಮ್ಮ ಕ್ಲಿನಿಕ್ಕಿನ ಹೆಸರು ನೋಡುತ್ತಾರೆ. ಅದರಿಂದ 600 ಕ್ಲಿಕ್, 36 ಲೀಡ್ ಬಂದು, ಕೊನೆಗೆ 12 ಹೊಸ ರೋಗಿಗಳು ಬರುತ್ತಾರೆ.”

ಕಳಿಸಿದ ಅರ್ಧ ಗಂಟೆಗೆ ಡಾಕ್ಟರ ಫೋನು. “ಏನಮ್ಮಾ, ತಿಂಗಳಿಗೆ ಹನ್ನೆರಡು ಸಾವಿರ ಇಂಪ್ರೆಷನ್ನಾ? ನಾನು ವರ್ಷಕ್ಕೂ ಅಷ್ಟು ತೆಗೆಯಲ್ಲ. ಆಲ್ಜಿನೇಟ್ ಪುಡಿ ಲಾರಿಯಲ್ಲೇ ತರಿಸ್ಬೇಕು!” ಹಲ್ಲಿನವರ ಭಾಷೆಯಲ್ಲಿ ಇಂಪ್ರೆಷನ್ ಎಂದರೆ ಬಾಯಿಗೆ ಮೆತ್ತನೆಯ ಮುದ್ದೆ ಇಟ್ಟು ಹಲ್ಲಿನ ಅಚ್ಚು ತೆಗೆಯುವುದು. ನನಗೆ ಹೊಳೆದೇ ಇರಲಿಲ್ಲ. ಅವರು ನಗುತ್ತಲೇ ಹೇಳಿದರು, ಆದರೆ ಅಕ್ಕ ನಗಲಿಲ್ಲವಂತೆ.

ಜಾಹೀರಾತಿನ ಇಂಪ್ರೆಷನ್‌ಗೆ ಕನ್ನಡದಲ್ಲಿ ಏನೆನ್ನುವುದು? ‘ದರ್ಶನ’ ಎಂದರೆ ದೇವಸ್ಥಾನ, ‘ತೋರಿಕೆ’ ಎಂದರೆ ಬೂಟಾಟಿಕೆ. ಜಾಹೀರಾತು ಕಂಡು ಫೋನ್ ಮಾಡಿ ವಿಚಾರಿಸುವವರನ್ನು ನಾವು ‘ಲೀಡ್’ ಎನ್ನುತ್ತೇವೆ, ಅದಕ್ಕೂ ಒಂದು ಪದ ಬೇಕು.

ಪುಟ್ಟಸ್ವಾಮಿ, ಶ್ರೀರಂಗಪಟ್ಟಣ

ಸುಮಾ ಅವರಿಗೆ, ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಜಾಹೀರಾತಿನ ಗಂಧಗಾಳಿ ಇಲ್ಲ. ಆದರೂ ಪದ ಕಣ್ಣೆದುರೇ ಇದೆಯಲ್ಲ: ‘ಕಾಣು’ ಧಾತುವಿನಿಂದ ‘ಕಾಣಿಕೆ’. ಕಂಡದ್ದು ಕಾಣಿಕೆ. ‘ಈ ತಿಂಗಳು 12,000 ಕಾಣಿಕೆ’ ಎಂದು ಬರೆಯಿರಿ. ಲೀಡ್‌ಗೆ ‘ವಿಚಾರಣೆ’. ಬಸ್ ನಿಲ್ದಾಣದಲ್ಲೂ ರೈಲ್ವೆ ಸ್ಟೇಷನ್ನಿನಲ್ಲೂ ಹಲಗೆ ಮೇಲೆ ಅದೇ ಇರುತ್ತದೆ. ಹೊಸ ಪದ ಹುಟ್ಟಿಸುವ ಗೋಜೇ ಇಲ್ಲ.

ನಾಗರಾಜು, ಮದ್ದೂರು

ಮೇಷ್ಟ್ರೇ, 12,000 ಕಾಣಿಕೆ ಅಂತ ಬರೆದ್ರೆ ಡಾಕ್ಟ್ರು ಹುಂಡಿ ಎಲ್ಲಿ ಇಡೋದು ಅಂತ ಕೇಳ್ತಾರೆ.

ಸುಮಾ ಮೇಡಂ, ನನ್ನ ಮಾತು ಕೇಳಿ, ಜಾಹೀರಾತೇ ಬೇಡ. ನಂದು ಬೆಲ್ಲದ ವ್ಯಾಪಾರ. ಹೋದ ವರ್ಷ ಒಬ್ಬ ಹುಡುಗ ‘ಅಣ್ಣಾ, 40 ಲೀಡ್ ಗ್ಯಾರಂಟಿ’ ಅಂದ. ಮಂಡ್ಯ ಸೀಮೇಲಿ ಲೀಡ್ ಅಂದ್ರೆ ಓಟು ಎಣಿಸೋ ದಿವಸ ಟೀವಿ ಮುಂದೆ ಕೂತು ಲೆಕ್ಕ ಹಾಕೋದು, ಯಾರು ಎಷ್ಟು ಮುಂದೆ ಅಂತ. ನಾನು 40 ಗಿರಾಕಿ ಮುಂಗಡವಾಗಿ ಬರ್ತಾರೆ ಅಂದ್ಕೊಂಡೆ. ಫೋನೇನೋ ನಲವತ್ತು ಬಂದ್ವು, ಸುಳ್ಳು ಹೇಳಬಾರದು. ಒಬ್ಬ ಸಾಲ ಬೇಕಾ ಅಂದ, ಒಬ್ಬ ಕಬ್ಬು ಕೊಳ್ತೀರಾ ಅಂದ, ನಾಕು ಜನ ಡೀಲರ್‌ಶಿಪ್ ಕೇಳಿದ್ರು. ಬೆಲ್ಲ ತಗೊಂಡೋರು ಮೂರೇ ಜನ. ದುಡ್ಡು ವಾಪಸ್ ಕೇಳಿದ್ರೆ ‘ಲೀಡ್ ಕೊಟ್ಟಿದೀನಲ್ಲಣ್ಣ’ ಅಂದ.

ನವೀನ್, ವಿಜಯನಗರ, ಮೈಸೂರು

ನಾನೂ ಇದೇ ಕಸುಬಿನವನು. ಸುಮಾ, ಪದ ಹುಡುಕುವ ಮೊದಲು ವಾಕ್ಯ ನೋಡಿ. ತಪ್ಪಿರುವುದು ‘ಇಂಪ್ರೆಷನ್’ ಒಂದೇ ಅಲ್ಲ. ‘12,000 ಜನ ನೋಡುತ್ತಾರೆ’ ಎಂಬ ವಿವರಣೆಯಲ್ಲಿ ‘ಜನ’ವೂ ತಪ್ಪು, ‘ನೋಡುತ್ತಾರೆ’ಯೂ ತಪ್ಪು.

ಮೊದಲು ‘ಜನ’. ಗುತ್ತಲು ರಸ್ತೆಯ ಒಬ್ಬರಿಗೆ ರಾತ್ರಿ ದವಡೆ ನೋವು ಬಂತು ಅನ್ನಿ. ಮಲಗುವಾಗ ಒಮ್ಮೆ ಹುಡುಕುತ್ತಾರೆ, ಎರಡು ಗಂಟೆಗೆ ಎದ್ದು ಮತ್ತೊಮ್ಮೆ, ಬೆಳಿಗ್ಗೆ ಹೆಂಡತಿಯ ಫೋನಿನಲ್ಲಿ ಇನ್ನೊಮ್ಮೆ. ಮೂರು ಸಲವೂ ಜಾಹೀರಾತು ಬಂದರೆ ಲೆಕ್ಕಕ್ಕೆ ಮೂರು, ಹಲ್ಲು ಮಾತ್ರ ಒಂದೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಜಾಹೀರಾತು ಎಷ್ಟು ಜನರನ್ನು ತಲುಪಿತು ಎಂದು ಬೇರೆ ಅಂಕಿ ಕೊಡುತ್ತಾರೆ, ಅದೂ ಅಂದಾಜೇ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಹಾಗೆ ತಲೆ ಎಣಿಸಿದ ಅಂಕಿಯೇ ಸಿಗುವುದಿಲ್ಲ, ಸಿಗುವುದು ‘ಸಲ’ದ ಲೆಕ್ಕ. ನಿಮ್ಮ 12,000 ಆ ಬಗೆಯದು.

ಇನ್ನು ‘ನೋಡುತ್ತಾರೆ’. ಜಾಹೀರಾತು ಪುಟದಲ್ಲಿ ಬಂದರೆ ಸಾಕು, ಒಂದು ಇಂಪ್ರೆಷನ್ ಆಯಿತು. ಅದು ಪುಟದ ತಳದಲ್ಲಿದ್ದು, ಆ ಮನುಷ್ಯ ಅಲ್ಲಿಯವರೆಗೆ ಹೋಗದೆ ಇದ್ದರೂ ಆಯಿತು. ಕಣ್ಣು ಬಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಾಗರಾಜಣ್ಣ ಹೇಳಿದ್ದು ಪ್ರಶ್ನೆಗೆ ಉತ್ತರವಲ್ಲದಿದ್ದರೂ ಅದರಲ್ಲಿ ಒಂದು ನಿಜ ಇದೆ. ‘ಕರೆ ಮಾಡಿ’ ಗುಂಡಿ ಒತ್ತಿದ್ದನ್ನೇ ನಾವು ಬಹಳ ಸಲ ಲೀಡ್ ಎಂದು ಎಣಿಸಿಬಿಡುತ್ತೇವೆ. ಕ್ಲಿನಿಕ್ಕಿನ ಫೋನು ಎಂಗೇಜ್ ಇದ್ದು ಮಾತೇ ಆಗದಿದ್ದರೂ ಒತ್ತಿದ್ದು ಒತ್ತಿದ್ದೇ.

ಶಕುಂತಲಾ, ಸರಸ್ವತಿಪುರಂ, ಮೈಸೂರು

ನವೀನ್ ಹೇಳಿದ ವ್ಯತ್ಯಾಸ ಕನ್ನಡದ ಕ್ರಿಯಾಪದದಲ್ಲೇ ಇದೆ. ‘ನೋಡು’ ಎಂದರೆ ಮನಸ್ಸಿಟ್ಟು ಕಣ್ಣು ಹಾಯಿಸುವುದು. ‘ಕಾಣಿಸು’ ಎಂದರೆ ಕಣ್ಣಿಗೆ ಬೀಳುವಂತೆ ಎದುರಿಗೆ ಬರುವುದು. ‘ನೋಡಿದೆ, ಕಾಣಿಸಲಿಲ್ಲ’ ಎನ್ನುತ್ತೇವಲ್ಲ, ಎರಡೂ ಒಂದೇ ಆಗಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ‘ಹುಡುಕಿದವರ ಫೋನಿನಲ್ಲಿ ನಿಮ್ಮ ಜಾಹೀರಾತು ಸುಮಾರು 12,000 ಸಲ ಕಾಣಿಸಿಕೊಳ್ಳುತ್ತದೆ’ ಎಂದರೆ ಸಾಕು, ನಾಮಪದವೇ ಬೇಡ.

ಪುಟ್ಟಸ್ವಾಮಿಯವರು ಹೇಳಿದ ಧಾತು ಸರಿ. ಆದರೆ ಹಿರಿಯರನ್ನು ಕಾಣಲು ಹೋದಾಗ ಒಪ್ಪಿಸುವುದಕ್ಕೆ ಕಾಣಿಕೆ ಎಂದಾಗಿ ಎಷ್ಟೋ ಕಾಲವಾಯಿತು. ಆ ಅರ್ಥ ಗಟ್ಟಿಯಾದ ಮೇಲೆ ಧಾತು ಹಿಡಿದು ಹಿಂದಕ್ಕೆ ಎಳೆದರೆ ಪದ ಬರುವುದಿಲ್ಲ. ‘ವಿಚಾರಣೆ’ಯೂ ಹಾಗೆಯೇ. ಹಲಗೆ ಮೇಲೆ ಸರಿ, ‘36 ವಿಚಾರಣೆ’ ಎಂದು ಬರೆದರೆ ಕೋರ್ಟು, ಪೊಲೀಸ್ ಸ್ಟೇಷನ್ನು ನೆನಪಾಗುತ್ತದೆ. ‘36 ಜನ ಫೋನ್ ಮಾಡಿ ವಿಚಾರಿಸುತ್ತಾರೆ’ ಎಂದು ನೋಡಿ, ಆ ಭಯವೇ ಇಲ್ಲ.

ನನ್ನ ತಕರಾರು ಕೊನೆಯ ‘ಬರುತ್ತಾರೆ’ ಮೇಲೆ. 12 ಜನ ಬರುತ್ತಾರೆ ಎಂದರೆ ಅದು ಮಾತು ಕೊಟ್ಟ ಹಾಗೆ. ‘ಬರಬಹುದು’ ಎಂದರೆ ಅನುಮತಿ ಕೊಟ್ಟ ಹಾಗೂ ಕೇಳುತ್ತದೆ, ಡಾಕ್ಟರ ಬಾಗಿಲಲ್ಲಿ ‘ಒಳಗೆ ಬರಬಹುದು’ ಅಂದಂತೆ. ನಮ್ಮಲ್ಲಿ ಸಂಭಾವನಾರ್ಥಕ ರೂಪ ಇದೆಯಲ್ಲ, ‘ಬಂದಾರು’. ‘ಹನ್ನೆರಡು ಜನ ಬಂದಾರು’ ಎನ್ನಿ. ಅಂದಾಜು ಎಂಬುದು ಕ್ರಿಯಾಪದದೊಳಗೇ ಇದೆ.

ಪುಟ್ಟಸ್ವಾಮಿ, ಶ್ರೀರಂಗಪಟ್ಟಣ

ಕಾಣಿಕೆ ವಾಪಸ್ ತಗೊಂಡೆ. ‘ಬಂದಾರು’ ವಿಷಯದಲ್ಲಿ ಮಾತ್ರ ಒಪ್ಪಲಾರೆ. ವ್ಯಾಕರಣದಲ್ಲಿ ಸರಿಯೇ, ನಾನೇ ಪಾಠ ಮಾಡಿದ್ದೇನೆ. ಆದರೆ ನಮ್ಮ ಮನೆಗಳಲ್ಲಿ ಈ ರೂಪ ಕೇಳಿಬರುವುದು ಎಚ್ಚರಿಸುವಾಗ: ‘ಹಾಲು ಉಕ್ಕೀತು’, ‘ಮೆಲ್ಲಗೆ, ಬಿದ್ದೀಯ’. ‘ರೋಗಿಗಳು ಬಂದಾರು’ ಎಂದರೆ ಬಾಗಿಲು ಹಾಕಿಕೊಳ್ಳಿ ಅಂದ ಹಾಗಾಗುತ್ತದೆ.

ಶಕುಂತಲಾ

‘ನಾಳೆ ಮಳೆ ಬಂದೀತು’ ಎಂದು ರೈತರು ಆಸೆಯಿಂದಲೂ ಹೇಳುತ್ತಾರೆ ಮೇಷ್ಟ್ರೇ.

ರಫೀಕ್, ಮಂಡ್ಯ

ನಾನು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಇರೋನು. ನಮಗೆ ಕ್ಲಿನಿಕ್ಕುಗಳಿಂದ ಬರೋದನ್ನ ನಾವೂ ಇಂಪ್ರೆಷನ್ ಅಂತೀವಿ. ಪೇಷಂಟಿಗೆ ಹೇಳುವಾಗ ಮಾತ್ರ ‘ಅಳತೆ’. ‘ನಾಳೆ ಬನ್ನಿ, ಅಳತೆ ತಗೋತೀವಿ’ ಅಂದ್ರೆ ಅಜ್ಜಿಯರಿಗೂ ತಿಳಿಯುತ್ತೆ. ಅದಕ್ಕೇ ಮೇಡಂ, ಪತ್ರದಲ್ಲಿ ಫಲಿತಾಂಶದ ‘ಅಳತೆ’ ಅಂತಲೂ ಬರೀಬೇಡಿ, ಅಲ್ಲೂ ಎಡವುತ್ತೀರಿ.

ಇನ್ನೊಂದು. ‘ಬಂದರು’ ಅನ್ನೋದು ಎಲ್ಲಿಗೆ ಬಂದ ಮೇಲೆ? ಕೌಂಟರಿಗೆ ಬಂದು ರೇಟ್ ಕೇಳಿ ಹೋದೋರು ಇರ್ತಾರೆ, ಕುರ್ಚಿ ಮೇಲೆ ಕೂತು ಬಾಯಿ ತೆರೆದೋರು ಇರ್ತಾರೆ. ಡಾಕ್ಟರು ಎಣಿಸೋದು ಕುರ್ಚಿ ಲೆಕ್ಕ.

ಸುಮಾ

ರಫೀಕ್ ಅವರ ಮಾತಿಗೆ ನಿಜಕ್ಕೂ ಬೆವತೆ. ನನ್ನ 12 ಕುರ್ಚಿಯ ಲೆಕ್ಕವೇ, ಆದರೆ ಹಾಗೆಂದು ಎಲ್ಲೂ ಬರೆದಿರಲಿಲ್ಲ. ತಿದ್ದಿದ್ದು ಹೀಗೆ:

“ಮಂಡ್ಯ ಸುತ್ತಮುತ್ತ ಹಲ್ಲಿನ ಡಾಕ್ಟರನ್ನು ಹುಡುಕುವವರ ಫೋನಿನಲ್ಲಿ ನಿಮ್ಮ ಜಾಹೀರಾತು ತಿಂಗಳಿಗೆ ಸುಮಾರು 12,000 ಸಲ ಕಾಣಿಸಿಕೊಳ್ಳುತ್ತದೆ. ಒಬ್ಬರಿಗೇ ಹಲವು ಸಲ ಕಾಣಿಸುವುದೂ ಉಂಟು, ಆದ್ದರಿಂದ ಇದು ಜನರ ಲೆಕ್ಕವಲ್ಲ. ಇದಕ್ಕೆ ನೀವು ದುಡ್ಡು ಕೊಡುವುದಿಲ್ಲ. ಜಾಹೀರಾತನ್ನು ಒತ್ತಿದಾಗ ಮಾತ್ರ ಹಣ ಕಡಿತವಾಗುತ್ತದೆ. ಒಂದು ಸಲಕ್ಕೆ ₹25ರಂತೆ ಹಿಡಿದರೆ ₹15,000ಕ್ಕೆ 600 ಸಲ. ಹಾಗೆ ಒತ್ತಿದವರಲ್ಲಿ ಸುಮಾರು 36 ಜನ ವಿಚಾರಿಸಲು ಫೋನ್ ಮಾಡುತ್ತಾರೆ ಎಂದಿಟ್ಟುಕೊಂಡಿದ್ದೇನೆ. ಇವರಲ್ಲಿ ಕೆಲಸ ಕೇಳುವವರು, ರೇಟ್ ಮಾತ್ರ ಕೇಳುವವರು, ನಿಮ್ಮ ಫೋನು ಎತ್ತದೆ ತಪ್ಪಿಹೋಗುವವರು ಸೇರಿದ್ದಾರೆ. ಕೊನೆಗೆ ಕುರ್ಚಿಯವರೆಗೆ ಬರುವವರು 8ರಿಂದ 15 ಜನ ಎಂಬುದು ನನ್ನ ಅಂದಾಜು. ಜಾಹೀರಾತಿನ ₹15,000, ನನ್ನ ಸಂಬಳ ₹8,000 ಸೇರಿಸಿದರೆ, 8 ಜನ ಬಂದ ತಿಂಗಳು ಒಬ್ಬ ಹೊಸ ರೋಗಿಗೆ ₹2,875 ಬೀಳುತ್ತದೆ, 15 ಜನ ಬಂದರೆ ಸುಮಾರು ₹1,533. ಮೊದಲ ತಿಂಗಳು ಮುಗಿದ ಮೇಲೆ ಈ ಅಂಕಿಗಳನ್ನು ನಿಮ್ಮ ರಿಜಿಸ್ಟರಿನ ಜೊತೆ ಕೂತು ತಿದ್ದೋಣ.”

‘ಬರುತ್ತಾರೆ’ಯನ್ನು ‘ಬರುವವರು’ ಮಾಡಿ, ‘ಅಂದಾಜು’ ಪಕ್ಕದಲ್ಲಿಟ್ಟು ತಪ್ಪಿಸಿಕೊಂಡೆ. ಶಕುಂತಲಾ ಮೇಡಂ ಕ್ಷಮಿಸಬೇಕು, ‘ಬಂದಾರು’ ಬರೆಯಲು ಧೈರ್ಯ ಬರಲಿಲ್ಲ.

ನವೀನ್

ಚೆನ್ನಾಗಿದೆ. ‘ಸಂಬಳ’ ಬೇಡ, ‘ನನ್ನ ಫೀಸು’ ಅನ್ನಿ, ಇಲ್ಲದಿದ್ದರೆ ಅಕ್ಕ ನಿಮ್ಮನ್ನು ಕ್ಲಿನಿಕ್ಕಿನ ಆಳು ಎಂದುಕೊಂಡಾರು. (ನೋಡಿ, ನನಗೂ ಆ ರೂಪ ಬಂತು. ಎಚ್ಚರಿಕೆಗೇ ಬಂತು, ಮೇಷ್ಟ್ರು ಗೆದ್ದರು.)

ರಿಜಿಸ್ಟರಿನಲ್ಲಿ ‘ನಮ್ಮ ವಿಷಯ ಹೇಗೆ ಗೊತ್ತಾಯಿತು’ ಎಂದು ಕೇಳಿ ಬರೆದುಕೊಳ್ಳಲು ಈಗಲೇ ಹೇಳಿ. ಆದರೆ ಜಾಹೀರಾತು ಒತ್ತಿದವರೂ, ಮ್ಯಾಪಿನಲ್ಲಿ ಹೆಸರು ಹುಡುಕಿ ಬಂದವರೂ ಹೇಳುವುದು ‘ಗೂಗಲ್‌ನಲ್ಲಿ ನೋಡಿದ್ವಿ’ ಎಂದೇ. ಮ್ಯಾಪಿನವರು ನಿಮ್ಮ ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದರು. ಆ ಎರಡನ್ನು ಕೌಂಟರಿನಲ್ಲಿ ಬೇರೆ ಮಾಡುವ ಪ್ರಶ್ನೆ ನನಗಿನ್ನೂ ಸಿಕ್ಕಿಲ್ಲ.

ನಾಗರಾಜು, ಮದ್ದೂರು

8ರಿಂದ 15 ಅಂದ್ರೆ ನಾನಾದ್ರೆ 8 ಅಂತಲೇ ಲೆಕ್ಕ ಹಾಕ್ತೀನಿ.

ಸುಮಾ

ಅಕ್ಕನೂ ಅದೇ ಅಂದರು ನಾಗರಾಜಣ್ಣ. ‘ಫೀಸು’ ಎಂದು ತಿದ್ದಿ ನಿನ್ನೆ ಕಳಿಸಿದ್ದೆ, ಬೆಳಿಗ್ಗೆ ಅವರೇ ಫೋನ್ ಮಾಡಿದ್ದರು. 12,000ದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಒಂದೇ: “8 ಜನಕ್ಕೆ ₹2,875 ಅಂತ ಬರೆದಿದೀಯಲ್ಲ, ಅವರಲ್ಲಿ ಎಷ್ಟು ಜನ ರೂಟ್ ಕೆನಾಲ್ ಮಾಡಿಸ್ಕೋತಾರೆ, ಎಷ್ಟು ಜನ ಬರೀ ಹಲ್ಲು ಕೀಳಿಸ್ಕೊಂಡು ಹೋಗ್ತಾರೆ?” ಅದನ್ನು ನಾನು ಹೇಗೆ ಹೇಳಲಿ, ರಿಜಿಸ್ಟರು ಅವರ ಹತ್ತಿರವೇ ಇದೆ. ಹೋದ ಆರು ತಿಂಗಳದ್ದು ತೆಗೆದಿಡಿ ಎಂದಿದ್ದೇನೆ, ಶನಿವಾರ ಮಂಡ್ಯಕ್ಕೆ ಹೋಗುತ್ತಿದ್ದೇನೆ.