ಒಟ್ಟು ರಿಪೋರ್ಟಲ್ಲಿ ಎ ಮುಂದೆ, ಮೊಬೈಲ್-ಡೆಸ್ಕ್‌ಟಾಪ್ ಬೇರೆ ಮಾಡಿದರೆ ಬಿ ಮುಂದೆ: ಯಾವುದನ್ನು ನಂಬಲಿ?

ಸೀರೆಪೆಟ್ಟಿಗೆ:
ನಮಸ್ಕಾರ. ಆನ್‌ಲೈನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ಹೋದ ತಿಂಗಳು ಒಂದೇ ಕ್ಯಾಂಪೇನ್‌ನಲ್ಲಿ ಎರಡು ಜಾಹೀರಾತು ಹಾಕಿದ್ದೆ. ಎ ಅಂದರೆ ಸೆರಗಿನ ಫೋಟೊ, ಬಿ ಅಂದರೆ ಮಗ್ಗದಲ್ಲಿ ನೇಯುವ ಚಿಕ್ಕ ವಿಡಿಯೊ. ಎರಡಕ್ಕೂ ತಲಾ 2,000 ಕ್ಲಿಕ್. ಎ ಇಂದ 50 ಆರ್ಡರ್, ಬಿ ಇಂದ 37. ಬಿ ನಿಲ್ಲಿಸುವ ಮೊದಲು ಸುಮ್ನೆ ಡಿವೈಸ್ ಪ್ರಕಾರ ಬೇರೆ ಮಾಡಿ ನೋಡಿದೆ:

```
ಎ ಮೊಬೈಲ್      1000 ಕ್ಲಿಕ್   10 ಆರ್ಡರ್   1.0%
ಎ ಡೆಸ್ಕ್‌ಟಾಪ್    1000 ಕ್ಲಿಕ್   40 ಆರ್ಡರ್   4.0%
ಬಿ ಮೊಬೈಲ್      1800 ಕ್ಲಿಕ್   27 ಆರ್ಡರ್   1.5%
ಬಿ ಡೆಸ್ಕ್‌ಟಾಪ್     200 ಕ್ಲಿಕ್   10 ಆರ್ಡರ್   5.0%
```

ಎರಡು ಕಡೆಯೂ ಬಿ ಮುಂದಿದೆ. ಕೂಡಿಸಿದರೆ ಎ 2.5%, ಬಿ 1.85%. ಮೂರು ಸಲ ಕೂಡಿಸಿದೆ, ಲೆಕ್ಕ ತಪ್ಪಿಲ್ಲ. ಇದು ಹೇಗೆ?

ನೆಟ್‌ವರ್ಕ್_ಬಸು:
ಆರ್ಡರ್ ಎಣಿಸುವ ಪಿಕ್ಸೆಲ್ ಕೋಡ್ ಎರಡು ಸಲ ಫೈರ್ ಆಗ್ತಿರಬೇಕು ಮೇಡಂ. ಥ್ಯಾಂಕ್ಯೂ ಪೇಜ್ ರಿಫ್ರೆಶ್ ಮಾಡಿದಾಗ ನನಗೂ ಆರ್ಡರ್ ಜಾಸ್ತಿ ತೋರಿಸುತ್ತಿತ್ತು.

ಸೀರೆಪೆಟ್ಟಿಗೆ:
ಇಲ್ಲ ಸರ್, 87 ಆರ್ಡರ್‌ಗೂ ಬಿಲ್ ಇದೆ. ಒಂದೊಂದನ್ನೂ ನಾನೇ ಪ್ಯಾಕ್ ಮಾಡಿ ಕಳಿಸಿದ್ದು.

ತೂಕದಕಲ್ಲು:
ಟ್ರ್ಯಾಕಿಂಗ್ ಸರಿ ಇದೆ. ಇದಕ್ಕೆ ಸಿಂಪ್ಸನ್ ಪ್ಯಾರಡಾಕ್ಸ್ ಅಂತಾರೆ. ನಿಮ್ಮ ಪಟ್ಟಿಯಲ್ಲಿ ಕ್ಲಿಕ್ ಕಾಲಮ್ಮನ್ನೇ ನೋಡಿ. ಎ ಗೆ ಅರ್ಧ ಕ್ಲಿಕ್ ಡೆಸ್ಕ್‌ಟಾಪಿಂದ ಬಂದಿವೆ, ಬಿ ಗೆ ಹತ್ತರಲ್ಲಿ ಒಂದು ಪಾಲು ಮಾತ್ರ. ಯಾವ ಜಾಹೀರಾತೇ ಇರಲಿ, ನಿಮ್ಮಲ್ಲಿ ಡೆಸ್ಕ್‌ಟಾಪಿನವರು ಮೂರು ನಾಲ್ಕು ಪಟ್ಟು ಜಾಸ್ತಿ ಕೊಳ್ಳುತ್ತಾರೆ. ಎ ಗೆ ಕೊಳ್ಳುವ ಜನ ಹೆಚ್ಚು ಸಿಕ್ಕರು, ಅಷ್ಟೇ. ಹಂಚಿದ್ದು ನೀವಲ್ಲ, ಜಾಹೀರಾತನ್ನು ಯಾರಿಗೆ ತೋರಿಸಬೇಕು ಅಂತ ಆರಿಸುವ ಪ್ಲಾಟ್‌ಫಾರ್ಮಿನ ಡೆಲಿವರಿ ವ್ಯವಸ್ಥೆ. ವಿಡಿಯೊ ಆದ್ದರಿಂದ ಬಿ ಯನ್ನು ಮೊಬೈಲಿಗೇ ತಳ್ಳಿರಬಹುದು.

ಎರಡಕ್ಕೂ ಒಂದೇ ತೂಕ ಕೊಟ್ಟು ನೋಡಿ. ಒಟ್ಟು 4,000 ಕ್ಲಿಕ್‌ನಲ್ಲಿ ಮೊಬೈಲ್ 2,800, ಡೆಸ್ಕ್‌ಟಾಪ್ 1,200. ಶೀಟಿನಲ್ಲಿ B ಕಾಲಮ್ಮಿಗೆ ಒಂದು ಜಾಹೀರಾತಿನ ಎರಡು ಶೇಕಡಾ ದರ, C ಗೆ ಈ ಎರಡು ಸಂಖ್ಯೆ ಹಾಕಿ:

```
=SUMPRODUCT(B2:B3,C2:C3)/SUM(C2:C3)
```

ಎ 1.9%, ಬಿ 2.55% ಬರುತ್ತದೆ.

ಗ್ರೋತ್_ಗಿರಿ:
ಅಂದರೆ ಯಾವಾಗಲೂ ಒಡೆದೇ ನೋಡಬೇಕು. ಒಟ್ಟು ಸಂಖ್ಯೆ ಸುಳ್ಳು. ನಾನು ಡಿವೈಸ್, ವಯಸ್ಸು, ಊರು, ಕಾರ್ಟಿಗೆ ಹಾಕಿದವರು, ಹಾಕದವರು ಎಲ್ಲಾ ಬೇರೆ ಮಾಡುತ್ತೇನೆ.

ತೂಕದಕಲ್ಲು:
ಅರ್ಧ ಒಪ್ಪುತ್ತೇನೆ. ಡಿವೈಸ್, ವಯಸ್ಸು, ಊರು ಜಾಹೀರಾತು ನೋಡುವ ಮೊದಲೇ ಇದ್ದದ್ದು. ಕಾರ್ಟ್ ಹಾಗಲ್ಲ. ಯಾರು ಕಾರ್ಟಿಗೆ ಹಾಕಿದರು ಅನ್ನುವುದೇ ಜಾಹೀರಾತಿನ ಫಲ. ಅದರ ಮೇಲೆ ಒಡೆದರೆ ಅಳೆಯಬೇಕಾದ ಪರಿಣಾಮವನ್ನೇ ಕತ್ತರಿಸಿ ಹಾಕಿದ ಹಾಗೆ. ಒಡೆದಷ್ಟೂ ಪ್ರತಿ ಗುಂಪಿನ ಸಂಖ್ಯೆಯೂ ಚಿಕ್ಕದಾಗುತ್ತದೆ. ಇಲ್ಲೇ ನೋಡಿ, ಬಿ ಡೆಸ್ಕ್‌ಟಾಪಲ್ಲಿ ಬರೀ 10 ಆರ್ಡರ್. ಎರಡು ಕಮ್ಮಿ ಆಗಿದ್ದರೆ ಅದೂ 4%, ಎ ಗೆ ಸರಿಸಮ. ಮೊಬೈಲಿನ 1 ಮತ್ತು 1.5ರ ಅಂತರವೂ ಇಷ್ಟು ಆರ್ಡರ್‌ಗೆ ಆಕಸ್ಮಿಕವಾಗಿ ಬರಬಹುದು. ಹಾಗಾಗಿ ಎ ಗೆದ್ದಿತು ಅನ್ನುವುದಕ್ಕೆ ಆಧಾರ ಇಲ್ಲ ಅಂತ ಹೇಳಬಲ್ಲೆ, ಬಿ ಗೆದ್ದಿತು ಅಂತ ಇನ್ನೂ ಹೇಳಲಾರೆ.

ಮಸಾಲೆಡಬ್ಬಿ:
ನನಗೆ ಇದೇ ಆಯಿತು, ಆದರೆ ತಿಂಗಳಿಂದ ತಿಂಗಳಿಗೆ. ಹಳೇ ಗ್ರಾಹಕರು ಕೊಳ್ಳುವ ದರ ಏರಿತು, ಹೊಸಬರದ್ದೂ ಏರಿತು, ಒಟ್ಟು ದರ ಮಾತ್ರ ಇಳಿಯಿತು. ಏಜೆನ್ಸಿಯವರನ್ನು ಬೈದೇಬಿಟ್ಟೆ. ಆಮೇಲೆ ನೋಡಿದರೆ ಆ ತಿಂಗಳು ಬಜೆಟ್ ಏರಿಸಿ ಹೆಚ್ಚಿನ ಪಾಲನ್ನು ಹೊಸಬರಿಗೆ ಹಾಕಿಸಿದ್ದು ನಾನೇ. ಹೊಸಬರು ಯಾವತ್ತೂ ಕಮ್ಮಿ ಕೊಳ್ಳುತ್ತಾರೆ ಅಲ್ವಾ? ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ತೂಕದಕಲ್ಲು:
ಹೌದು, ಅದೇ ಗುಂಡಿ. 1973ರ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರವೇಶದ ಲೆಕ್ಕ ಇದರ ಹೆಸರಾಂತ ಉದಾಹರಣೆ. ಒಟ್ಟಿನಲ್ಲಿ ಹೆಂಗಸರಿಗೆ ಕಮ್ಮಿ ಸೀಟು ಸಿಕ್ಕಿತ್ತು. ವಿಭಾಗವಾರು ನೋಡಿದಾಗ ಆ ಅಂತರ ಹೆಚ್ಚುಕಮ್ಮಿ ಕಾಣೆಯಾಯಿತು. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಗ್ರೋತ್_ಗಿರಿ:
ಹಾಗಾದರೆ ಪ್ಲಾಟ್‌ಫಾರ್ಮಿನ ಎ/ಬಿ ಟೆಸ್ಟ್ ಹಾಕಿದರೆ ಮುಗಿಯಿತಲ್ಲ?

ತೂಕದಕಲ್ಲು:
ಪೂರ್ತಿ ಮುಗಿಯುವುದಿಲ್ಲ. ಜನರನ್ನು ಎರಡು ಗುಂಪು ಮಾಡುವುದು ಚೀಟಿ ಎತ್ತಿದ ಹಾಗೆ ನಡೆಯುತ್ತದೆ. ಆದರೆ ಪ್ರತಿ ಗುಂಪಿನೊಳಗೆ ಯಾರಿಗೆ ತೋರಿಸಬೇಕು ಅಂತ ಮತ್ತೆ ಡೆಲಿವರಿಯೇ ಆರಿಸುತ್ತದೆ. ವಿಡಿಯೊ ಮತ್ತೆ ಮೊಬೈಲ್ ಕಡೆಗೇ ವಾಲಬಹುದು. ಮೇಡಂ, ಮುಂದಿನ ಸಲ ಮೊಬೈಲಿಗೊಂದು, ಡೆಸ್ಕ್‌ಟಾಪಿಗೊಂದು ಟೆಸ್ಟ್ ಮಾಡಿ. ಎರಡರಲ್ಲೂ ಎ, ಬಿ ಗೆ ಸಮ ಬಜೆಟ್ ಕೊಡಿ. ಅಂದಹಾಗೆ, ಖರ್ಚು ಎಷ್ಟಾಯಿತು?

ಸೀರೆಪೆಟ್ಟಿಗೆ:
ಎ ಗೆ 13,000 ರೂಪಾಯಿ, ಬಿ ಗೆ 9,000. ಅಯ್ಯೋ, ಈಗ ಭಾಗಿಸಿ ನೋಡಿದೆ. ಎ ಲಿ ಒಂದು ಆರ್ಡರ್‌ಗೆ 260, ಬಿ ಲಿ 243. ಡೆಸ್ಕ್‌ಟಾಪ್ ಕ್ಲಿಕ್ 9 ರೂಪಾಯಿ ಬಿದ್ದಿದೆ, ಮೊಬೈಲ್ 4. ಬಿ ಯನ್ನು ನಿಲ್ಲಿಸುವುದಿಲ್ಲ, ನೀವು ಹೇಳಿದ ಹಾಗೆ ಎರಡು ಟೆಸ್ಟ್ ಹಾಕುತ್ತೇನೆ.

ಇನ್ನೊಂದು ಅನುಮಾನ. ಹುಬ್ಬಳ್ಳಿಯ ಒಬ್ಬರು ಫೋನ್ ಮಾಡಿದ್ದರು. ನೇಯುವ ವಿಡಿಯೊ ನೋಡಿದ್ದು ಮೊಬೈಲಲ್ಲಿ, ಸೆರಗು ದೊಡ್ಡದಾಗಿ ಕಾಣಲಿ ಅಂತ ಆರ್ಡರ್ ಮಾಡಿದ್ದು ಮಗನ ಲ್ಯಾಪ್‌ಟಾಪಲ್ಲಿ. ಅವರು ಯಾವ ಸಾಲಲ್ಲಿ ಬಂದಿದ್ದಾರೆ?

ತೂಕದಕಲ್ಲು:
ಮಗನ ಲ್ಯಾಪ್‌ಟಾಪಲ್ಲಿ ಬೇರೆ ಲಾಗಿನ್ ಇದ್ದರೆ ಯಾವ ಸಾಲಲ್ಲೂ ಬಂದಿರದೆ ಇರಬಹುದು. ಅಥವಾ ಅಲ್ಲಿ ಎ ಕಂಡು ಅದನ್ನು ಒತ್ತಿದ್ದರೆ ಎ ಡೆಸ್ಕ್‌ಟಾಪಿಗೇ ಸೇರಿರಬಹುದು. ಅಂಥವರು ಎಷ್ಟು ಜನ ಅಂತ ಈ ರಿಪೋರ್ಟ್ ಹೇಳುವುದಿಲ್ಲ. ಪಾರ್ಸಲ್ ಜೊತೆ ಒಂದು ಚೀಟಿ ಇಟ್ಟು, ಮೊದಲು ಎಲ್ಲಿ ನೋಡಿದಿರಿ ಅಂತ ಕೇಳಿ ನೋಡಿ.