ಪ್ರಾಜೆಕ್ಟ್ ಶುರು ಮಾಡುವ ಮೊದಲು ಅಂಕದ ಪಟ್ಟಿಯನ್ನು ನೀವು ಹೇಗೆ ಓದಿದಿರಿ?

ಕೇಳಿದವರು: ಡಿಗ್ರಿ ಕೊನೆಯ ವರ್ಷದ ವಿದ್ಯಾರ್ಥಿನಿ, ಬದಿಯಡ್ಕದ ಹತ್ತಿರ

ನನ್ನದು ಎಕನಾಮಿಕ್ಸ್. ಪ್ರಾಜೆಕ್ಟಿನ ಸೂಚನೆ ಹೀಗಿದೆ: "ನಿಮ್ಮ ಊರಿನ ಒಂದು ನೀರಿನ ಮೂಲವನ್ನು ಆರಿಸಿ, ಕಳೆದ 10 ವರ್ಷಗಳಲ್ಲಿ ಅದರ ಬಳಕೆಯಲ್ಲಾದ ಬದಲಾವಣೆಯನ್ನು ಕನಿಷ್ಠ 20 ಮನೆಗಳ ಮಾಹಿತಿಯ ಮೇಲೆ ವಿಮರ್ಶಾತ್ಮಕವಾಗಿ ವಿಶ್ಲೇಷಿಸಿ. 4000 ಪದ." ನಾನು ಗುಡ್ಡ ಕೊರೆದು ನೀರು ಹರಿಸುವ ಸುರಂಗವನ್ನು ಆರಿಸಿದ್ದೇನೆ. ಅಂಕದ ಪಟ್ಟಿ: ವಿಷಯ ಮತ್ತು ಉದ್ದೇಶ 5, ಹಿಂದಿನ ಅಧ್ಯಯನಗಳು 5, ವಿಧಾನ 10, ವಿಶ್ಲೇಷಣೆ 15, ತೀರ್ಮಾನ 5, ಭಾಷೆ ಮತ್ತು ಉಲ್ಲೇಖ 5, ವೈವಾ 5. ಪ್ರತಿಯೊಂದರ ಮುಂದೆ ಸಾಧಾರಣ, ಉತ್ತಮ, ಅತ್ಯುತ್ತಮ ಎಂದು ಮೂರು ಕಾಲಂ ಇದೆ. ಮುಂದಿನ ಶನಿವಾರ ಮನೆಗಳಿಗೆ ಹೋಗಬೇಕು. ಈ ಎರಡು ಹಾಳೆಗಳಿಂದ ಪ್ಲಾನ್ ಮಾಡುವುದು ಹೇಗೆ? ಅನುಭವ ಇದ್ದವರು ಹೇಳಿ.

ಬಿಕಾಂ ಮುಗಿಸಿದವರು, ಉಪ್ಪಳ

ತುಂಬ ಸುಲಭ. 4000 ಪದವನ್ನು 50 ಅಂಕದಿಂದ ಭಾಗಿಸಿ. ಒಂದು ಅಂಕಕ್ಕೆ 80 ಪದ ಬರುತ್ತದೆ. ವಿಶ್ಲೇಷಣೆಗೆ 1200, ವಿಧಾನಕ್ಕೆ 800, ಉಳಿದ ಐದೈದು ಅಂಕದವಕ್ಕೆ 400. ನಾನು ಹೀಗೇ ಮಾಡಿದ್ದೆ. ಮೊದಲು ಪೀಠಿಕೆಯಲ್ಲೇ 6 ಪುಟ ಬರೆದಿದ್ದೆ, ಈ ಲೆಕ್ಕ ಹಾಕಿದ ಮೇಲೆ ಅದನ್ನು ಒಂದೂವರೆ ಪುಟಕ್ಕೆ ಇಳಿಸಿದೆ. ಅಂಕ ಚೆನ್ನಾಗಿ ಬಂತು.

ಅಡಿಕೆ ತೋಟದವರು, ಪೆರ್ಲ

ತಂಗಿ, ಸುರಂಗ ಬೇಕಾದರೆ ನಮ್ಮಲ್ಲಿಗೆ ಬಾ. ನಮ್ಮ ಗುಡ್ಡದಲ್ಲಿ ಅಜ್ಜನ ಕಾಲದ್ದು ಒಂದಿದೆ, ಸುಮಾರು 40 ಕೋಲು ಉದ್ದ. ಮುರಕಲ್ಲು ಕೊರೆದು ಮಾಡಿದ್ದು, ಒಳಗೆ ಒಬ್ಬರು ಮಾತ್ರ ನಡೆಯಬಹುದು. ನೀರು ತಾನಾಗಿಯೇ ಹರಿದು ಅಂಗಳದ ಬದಿಯ ಟ್ಯಾಂಕಿಗೆ ಬೀಳುತ್ತದೆ, ಪಂಪು ಬೇಡ, ಕರೆಂಟು ಬೇಡ. ಕುಡಿಯಲಿಕ್ಕೆ, ಅಡುಗೆಗೆ ಇವತ್ತಿಗೂ ಅದೇ ನೀರು. ಆದರೆ ತೋಟಕ್ಕೆ ಸಾಲುವುದಿಲ್ಲ, ಅದಕ್ಕೆ ಬೋರ್‌ವೆಲ್ ಹಾಕಿಸಿದ್ದೇವೆ. ಒಳಗೆ ಮಣ್ಣು ಕುಸಿದರೆ ತೆಗೆಯುವವರು ಮೊದಲು ನಾಲ್ಕೈದು ಜನ ಇದ್ದರು. ಈಗ ನಮ್ಮ ಕಡೆ ಒಬ್ಬರೇ, ಅವರಿಗೂ ವಯಸ್ಸಾಯಿತು. ಫೋಟೋ ಎಷ್ಟು ಬೇಕಾದರೂ ತೆಗೆದುಕೋ.

ನಿವೃತ್ತ ಉಪನ್ಯಾಸಕಿ, ಕಾಸರಗೋಡು

ಪೆರ್ಲದ ಅಣ್ಣ ಪ್ರಶ್ನೆಯನ್ನು ಬೇರೆ ರೀತಿ ತೆಗೆದುಕೊಂಡರು. ಆದರೆ ಅವರ ಮಾತಿನಲ್ಲೇ ನಿನ್ನ ಪ್ರಾಜೆಕ್ಟಿಗೆ ಬೇಕಾದದ್ದಿದೆ ಮಗಾ. ಅದಕ್ಕೆ ಆಮೇಲೆ ಬರುತ್ತೇನೆ.

ಉಪ್ಪಳದವರು ಹೇಳಿದ ಲೆಕ್ಕದ ದಾರಿ ಸರಿ, ಸಂಖ್ಯೆ ಸರಿಯಿಲ್ಲ. ವೈವಾದ 5 ಅಂಕ ಬಾಯಲ್ಲಿ ಹೇಳುವುದಕ್ಕೆ, ಅದಕ್ಕೆ ಒಂದು ಪದವೂ ಬರೆಯಲಿಕ್ಕಿಲ್ಲ. ಭಾಷೆ ಮತ್ತು ಉಲ್ಲೇಖದ 5 ಅಂಕಕ್ಕೂ ಬೇರೆ ಅಧ್ಯಾಯ ಇಲ್ಲ, ಅದು ಇಡೀ ವರದಿಯಲ್ಲಿ ಹರಡಿರುತ್ತದೆ. ಹಾಗಾಗಿ ಅಧ್ಯಾಯಗಳಿಗೆ ಸಿಗುವುದು 40 ಅಂಕ, ಅಂದರೆ ಅಂಕಕ್ಕೆ 100 ಪದ. ವಿಶ್ಲೇಷಣೆಗೆ 1500, ವಿಧಾನಕ್ಕೆ 1000. ಅದನ್ನೂ ಕಣ್ಣು ಮುಚ್ಚಿ ಹಂಚಬೇಡ. 20 ಮನೆಯ ಸರ್ವೆಯ ವಿಧಾನವನ್ನು 600 ಪದದಲ್ಲಿ ಚೆನ್ನಾಗಿ ಹೇಳಬಹುದು. ಅಲ್ಲಿ ಅಂಕ ಬರುವುದು ನೀನು ಮನೆಗಳನ್ನು ಹೇಗೆ ಆರಿಸಿದೆ ಎಂಬುದರಿಂದ, ಉದ್ದದಿಂದ ಅಲ್ಲ. ಉಳಿದ 400ನ್ನು ವಿಶ್ಲೇಷಣೆಗೆ ಕೊಡು.

ಆದರೆ ಪದ ಹಂಚುವುದು ಬರೆಯುವಾಗಿನ ಕೆಲಸ. ನಿನಗೆ ಶನಿವಾರಕ್ಕೆ ಮೊದಲು ಬೇಕಾದದ್ದು ಬೇರೆ. 'ಉತ್ತಮ' ಮತ್ತು 'ಅತ್ಯುತ್ತಮ' ಎಂಬ ಎರಡು ಕಾಲಂಗಳನ್ನು ಅಕ್ಕಪಕ್ಕ ಇಟ್ಟು, ಎರಡನೆಯದರಲ್ಲಿ ಹೊಸದಾಗಿ ಬಂದ ಪದಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಹಾಕು. ವಿಶ್ಲೇಷಣೆಯ ಸಾಲಿನಲ್ಲಿ ಏನಿದೆ ಎಂದು ಇಲ್ಲಿ ಬರೆ, ಒಟ್ಟಿಗೆ ನೋಡೋಣ.

ಕೇಳಿದವರು

ಮೇಡಂ, ವಿಶ್ಲೇಷಣೆಯಲ್ಲಿ ಹೀಗಿದೆ. ಉತ್ತಮ, 8ರಿಂದ 11: "ಮಾಹಿತಿಯನ್ನು ಕೋಷ್ಟಕ ಮತ್ತು ಚಿತ್ರಗಳಲ್ಲಿ ಸ್ಪಷ್ಟವಾಗಿ ತೋರಿಸಿ ವಿವರಿಸಿದೆ." ಅತ್ಯುತ್ತಮ, 12ರಿಂದ 15: "ಮಾಹಿತಿಯನ್ನು ಸ್ಪಷ್ಟವಾಗಿ ತೋರಿಸಿ, ಉದ್ದೇಶಗಳಿಗೆ ಜೋಡಿಸಿ ಅರ್ಥೈಸಿದೆ. ಬೇರೆ ಕಾರಣಗಳನ್ನೂ ಪರಿಶೀಲಿಸಿದೆ." ವಿಧಾನದಲ್ಲಿ ಅತ್ಯುತ್ತಮಕ್ಕೆ ಮಾತ್ರ ಇರುವುದು: "ಮನೆಗಳ ಆಯ್ಕೆಗೆ ಕಾರಣ ಕೊಟ್ಟಿದೆ, ಮಿತಿಗಳನ್ನು ಹೇಳಿದೆ."

ನನ್ನ ಪ್ರಶ್ನಾವಳಿಯಲ್ಲಿ ಸದ್ಯ 8 ಪ್ರಶ್ನೆ ಇದೆ. ಮನೆಯಲ್ಲಿ ಎಷ್ಟು ಜನ, ಸುರಂಗ ಇದೆಯಾ, ಈಗ ಬಳಸುತ್ತೀರಾ, ಬೋರ್‌ವೆಲ್ ಇದೆಯಾ, ಹೀಗೆ.

ನಿವೃತ್ತ ಉಪನ್ಯಾಸಕಿ, ಕಾಸರಗೋಡು

ಈಗ ನೋಡು. "ಬೇರೆ ಕಾರಣಗಳನ್ನೂ ಪರಿಶೀಲಿಸಿದೆ" ಎಂಬ ಒಂದು ವಾಕ್ಯಕ್ಕೆ ನಿನ್ನ 8 ಪ್ರಶ್ನೆಗಳಲ್ಲಿ ಒಂದರಿಂದಲೂ ಉತ್ತರ ಸಿಗುವುದಿಲ್ಲ. ಈ ಪ್ರಶ್ನಾವಳಿ ಹಿಡಿದು 20 ಮನೆ ಸುತ್ತಿ ಬಂದರೆ, ಎಷ್ಟು ಚೆಂದದ ಕೋಷ್ಟಕ ಹಾಕಿದರೂ ನೀನು 11ಕ್ಕೇ ನಿಲ್ಲುತ್ತೀಯ. ಮನೆಯವರಿಂದ ಕೇಳಿಕೊಂಡು ಬರದೇ ಇದ್ದದ್ದನ್ನು ಆಮೇಲೆ ಬರೆಯಲಿಕ್ಕೆ ಆಗುವುದಿಲ್ಲ ಅಲ್ವಾ. ಪಟ್ಟಿಯನ್ನು ಪ್ರಶ್ನಾವಳಿಗಿಂತ ಮೊದಲು ಓದು ಎಂದು ನಾನು ಹೇಳುವುದು ಇದಕ್ಕೇ.

ಒಂದು ಉದಾಹರಣೆ ಕೊಡುತ್ತೇನೆ, ಸಂಖ್ಯೆಗಳು ನನ್ನ ಕಲ್ಪನೆಯವು. "20 ಮನೆಗಳಲ್ಲಿ 13 ಮನೆಯವರು ಬೋರ್‌ವೆಲ್ ಬಳಸುತ್ತಾರೆ" ಎಂದು ಬರೆದರೆ ಅದು ವಿವರಣೆ. ಸುರಂಗದಲ್ಲಿ ನೀರು ಕಮ್ಮಿಯಾಗಿದೆ, ಅದಕ್ಕೇ ಬಿಟ್ಟರು ಎಂದು ನೀನೂ ಬರೆಯುತ್ತೀಯ, ಓದುವವರೂ ಒಪ್ಪುತ್ತಾರೆ. ಆದರೆ ಬೋರ್‌ವೆಲ್ ಯಾವ ವರ್ಷ ಕೊರೆಸಿದಿರಿ, ಸುರಂಗದ ನೀರು ಯಾವ ವರ್ಷದಿಂದ ಕಮ್ಮಿಯಾಯಿತು ಎಂದು ಎರಡನ್ನೂ ಕೇಳಿದ್ದೀಯ ಎಂದುಕೋ. ಆ 13ರಲ್ಲಿ 9 ಮನೆಯವರು ನೀರು ಕಮ್ಮಿಯಾಗುವ ಮೊದಲೇ ಕೊರೆಸಿದ್ದರು ಎಂದು ಗೊತ್ತಾದರೆ, ಆ 9 ಮನೆಗಳ ಮಟ್ಟಿಗೆ ನೀರು ಕಮ್ಮಿಯಾದದ್ದೇ ಕಾರಣ ಎನ್ನಲು ಆಗುವುದಿಲ್ಲ. ಆಗ ತೋಟ ಹೆಚ್ಚಾಯಿತೇ, ಮಣ್ಣು ತೆಗೆಯುವವರು ಸಿಗಲಿಲ್ಲವೇ ಎಂದು ನೋಡಬೇಕಾಗುತ್ತದೆ. ವಿಶ್ಲೇಷಣೆ ಎಂದರೆ ಇದು. ಪೆರ್ಲದ ಅಣ್ಣ ಈ ಎರಡೂ ಕಾರಣಗಳನ್ನು ತಾನಾಗಿಯೇ ಹೇಳಿದ್ದಾರೆ, ಮತ್ತೊಮ್ಮೆ ಓದು.

ಅವರು ಇನ್ನೊಂದು ವಿಷಯವನ್ನೂ ಹೇಳಿದ್ದಾರೆ. ಕುಡಿಯಲಿಕ್ಕೆ ಸುರಂಗ, ತೋಟಕ್ಕೆ ಬೋರ್‌ವೆಲ್. ನಿನ್ನ ಸೂಚನೆಯಲ್ಲಿ 'ಬಳಕೆ' ಎಂಬ ಪದ ಇದೆ. "ಈಗ ಬಳಸುತ್ತೀರಾ" ಎಂದು ಕೇಳಿದರೆ ಅವರು ಹೌದು ಎನ್ನುತ್ತಾರೆ, ತೋಟದಲ್ಲಾದ ಬದಲಾವಣೆ ನಿನ್ನ ಹಾಳೆಗೆ ಬರುವುದೇ ಇಲ್ಲ. ಕುಡಿಯಲು, ಮನೆಗೆಲಸಕ್ಕೆ, ದನಗಳಿಗೆ, ತೋಟಕ್ಕೆ ಎಂದು ಬೇರೆ ಬೇರೆ ಕೇಳು.

'ಕಳೆದ 10 ವರ್ಷ' ಎಂಬುದೂ ಅಷ್ಟೇ. ಪ್ರತಿ ಪ್ರಶ್ನೆಗೂ ಆಗ ಮತ್ತು ಈಗ ಎಂದು ಎರಡು ಉತ್ತರ ಬೇಕು. ಹತ್ತು ವರ್ಷದ ಹಿಂದೆ ಹೇಗಿತ್ತು ಎಂದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. 2016ರಲ್ಲಿ 500, 1000ದ ನೋಟು ರದ್ದಾದ ವರ್ಷ, 2018ರ ಪ್ರಳಯದ ಮಳೆಗಾಲ, 2020ರ ಲಾಕ್‌ಡೌನ್, ಹೀಗೆ ಗುರುತು ಹೇಳಿ ಕೇಳು. ಆಮೇಲೂ ಉತ್ತರ ಹೆಚ್ಚುಕಮ್ಮಿ ಇರುತ್ತದೆ. ಅದನ್ನೇ ಮಿತಿ ಎಂದು ಬರೆ, ವಿಧಾನದ ಸಾಲಿನಲ್ಲಿ ಅದಕ್ಕೂ ಅಂಕ ಇಟ್ಟಿದ್ದಾರೆ.

ಆಯ್ಕೆಯ ಕಾರಣಕ್ಕೆ ಒಂದು ಸಣ್ಣ ನೋಟ್‌ಬುಕ್ ಸಾಕು. ಯಾವ ದಾರಿಯಲ್ಲಿ ಹೋದೆ, ಯಾವ ಮನೆ ಬಿಟ್ಟೆ, ಯಾರು ಬೇಡ ಎಂದರು ಎಂದು ಅಂದಂದೇ ಬರೆದಿಡು. ತಿಂಗಳು ಬಿಟ್ಟು ನೆನಪಿನಿಂದ ಬರೆದ ವಿಧಾನದ ಅಧ್ಯಾಯ ಓದುವಾಗಲೇ ಗೊತ್ತಾಗುತ್ತದೆ. ಎಲ್ಲ ವಾಕ್ಯವೂ ಯಾವ ಊರಿಗಾದರೂ ಹೊಂದುವ ಹಾಗಿರುತ್ತದೆ.

ಎಂಜಿನಿಯರ್, ಮಂಜೇಶ್ವರದವರು, ಈಗ ಬೆಂಗಳೂರು

ನನ್ನ ಕಥೆ ಬೇರೆ, ಆದರೂ ಹೇಳುತ್ತೇನೆ. ನಮ್ಮ ಸೂಚನೆ ಎರಡು ಪುಟ ಇತ್ತು. ನಾನು ಮೊದಲ ಪುಟದ ಫೋಟೋ ಮಾತ್ರ ಗೆಳೆಯನಿಂದ ತರಿಸಿಕೊಂಡಿದ್ದೆ. ಎರಡನೇ ಪುಟದಲ್ಲಿ ವಾರಕ್ಕೊಂದು ಸಲ ಗೈಡ್ ಸಹಿ ಹಾಕಿದ ಪ್ರಾಜೆಕ್ಟ್ ಡೈರಿ ಎಂದಿತ್ತು, ಅದಕ್ಕೆ 100ರಲ್ಲಿ 10 ಅಂಕ. ನನಗೆ ಗೊತ್ತಾದಾಗ ಒಪ್ಪಿಸಲು ಆರು ದಿನ ಉಳಿದಿತ್ತು. ಹಿಂದಿನ ವಾರಗಳ ಸಹಿ ಯಾರೂ ಹಾಕುವುದಿಲ್ಲ, ಹಾಕಬಾರದು ಕೂಡ. ಆ ಹತ್ತೂ ಹೋಯಿತು.

ಇನ್ನೊಂದು. ಅಂಕದ ಪಟ್ಟಿಯಲ್ಲಿ ಇಲ್ಲದ್ದು ಸೂಚನೆಯಲ್ಲಿ ಇರುತ್ತದೆ. ಸ್ವಂತ ಕೆಲಸ ಎಂಬ ಘೋಷಣೆ, ಗೈಡ್ ಕೊಡುವ ಸರ್ಟಿಫಿಕೇಟ್, ಬೈಂಡಿಂಗ್, ಎಷ್ಟು ಪ್ರತಿ ಎಂಬುದು. ಇವಕ್ಕೆ ಅಂಕ ಇಲ್ಲ, ಆದರೆ ಇವು ಇಲ್ಲದಿದ್ದರೆ ವರದಿಯನ್ನೇ ತೆಗೆದುಕೊಳ್ಳುವುದಿಲ್ಲ. ಇವನ್ನು ಬೇರೆ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಬಿಕಾಂ ಮುಗಿಸಿದವರು, ಉಪ್ಪಳ

ವೈವಾದ ವಿಷಯ ಒಪ್ಪಿದೆ ಮೇಡಂ. ನನ್ನ ಪಟ್ಟಿಯಲ್ಲಿ ವೈವಾ ಬೇರೆ ಇತ್ತು, ಹಾಗಾಗಿ ಗಮನಿಸಿರಲಿಲ್ಲ. ಆದರೆ ಹಿಂದಿನ ವರ್ಷದ ಸೀನಿಯರ್ ವರದಿ ನೋಡಿಕೊಂಡು ಅದೇ ಅಧ್ಯಾಯ ಇಟ್ಟರೆ ಕೆಲಸ ಬೇಗ ಆಗುತ್ತದೆ ಎಂಬುದು ನನ್ನ ಅನುಭವ.

ನಿವೃತ್ತ ಉಪನ್ಯಾಸಕಿ, ಕಾಸರಗೋಡು

ನೋಡಲಿ, ಆದರೆ ಅದರ ಜೊತೆಗೆ ಆ ವರ್ಷದ ಪಟ್ಟಿಯನ್ನೂ ಕೇಳಿ ತೆಗೆದುಕೊಳ್ಳಲಿ. ಹಳೆಯ ಪಟ್ಟಿಯಲ್ಲಿ ಹಿಂದಿನ ಅಧ್ಯಯನಗಳಿಗೆ 15, ವಿಶ್ಲೇಷಣೆಗೆ 5 ಇದ್ದರೆ ಆ ವರದಿಯ ಆಕಾರವೇ ಬೇರೆ. ಅದನ್ನು ನೋಡಿ ಬರೆದರೆ ಈಕೆಯ ಅರ್ಧ ವರದಿ 5 ಅಂಕದ ಸಾಲಿಗೆ ಹೋಗಿಬಿಡುತ್ತದೆ. ಇಂಥ ವರದಿಗಳು ನನ್ನ ಮೇಜಿಗೆ ಬಂದಿವೆ. ತುಂಬ ಕಷ್ಟಪಟ್ಟು ಬರೆದಿರುತ್ತಾರೆ, ಅಂಕ ಕೊಡಲು ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಕೈ ಕಟ್ಟಿ ಹಾಕಿದ ಹಾಗಾಗುತ್ತದೆ.

ಕೇಳಿದವರು

ಪ್ರಶ್ನಾವಳಿ ತಿದ್ದಿದೆ. ಈಗ 14 ಪ್ರಶ್ನೆ ಆಗಿದೆ. ಬಳಕೆಯನ್ನು ನಾಲ್ಕು ಮಾಡಿ, ಆಗ ಮತ್ತು ಈಗ ಎಂದು ಎರಡು ಕಾಲಂ ಹಾಕಿದ್ದೇನೆ. ಬೋರ್‌ವೆಲ್ ಕೊರೆಸಿದ ವರ್ಷ, ಸುರಂಗದಲ್ಲಿ ನೀರು ಕಮ್ಮಿಯಾದ ವರ್ಷ, ಕೊನೆಯ ಸಲ ಮಣ್ಣು ತೆಗೆಸಿದ್ದು ಯಾವಾಗ, ಯಾರಿಂದ ಎಂಬುದೂ ಸೇರಿದೆ. ಮನೆಯವರ ಹತ್ತಿರ ತುಳುವಿನಲ್ಲೋ ಕನ್ನಡದಲ್ಲೋ ಕೇಳಿ, ಹಾಳೆಯಲ್ಲಿ ಒಂದೇ ಭಾಷೆಯಲ್ಲಿ ಬರೆದುಕೊಳ್ಳುತ್ತೇನೆ. ಸೂಚನೆಯ ಹಿಂಬದಿ ನೋಡಿದೆ, ಅಲ್ಲಿ ಘೋಷಣೆಯ ನಮೂನೆ ಇತ್ತು. ನಾನು ಇಷ್ಟು ದಿನ ಆ ಬದಿ ತಿರುಗಿಸಿಯೇ ಇರಲಿಲ್ಲ.

ಒಂದು ವಿಷಯ ಮಾತ್ರ ಉಳಿದಿದೆ. ಕೋಷ್ಟಕದ ಒಳಗಿನ ಪದಗಳು 4000ದಲ್ಲಿ ಸೇರುತ್ತವೆಯಾ?

ಎಂಜಿನಿಯರ್, ಮಂಜೇಶ್ವರದವರು, ಈಗ ಬೆಂಗಳೂರು

ನಮ್ಮಲ್ಲಿ ಸೇರುತ್ತಿರಲಿಲ್ಲ.

ಬಿಕಾಂ ಮುಗಿಸಿದವರು, ಉಪ್ಪಳ

ನಮ್ಮಲ್ಲಿ ಸೇರುತ್ತಿತ್ತು. ಅನುಬಂಧ ಮಾತ್ರ ಹೊರಗೆ.

ನಿವೃತ್ತ ಉಪನ್ಯಾಸಕಿ, ಕಾಸರಗೋಡು

ಇದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ, ನಿನ್ನ ಗೈಡನ್ನೇ ಕೇಳು. ಕಾರಿಡಾರಿನಲ್ಲಿ ಬಾಯಲ್ಲಿ ಕೇಳಬೇಡ, ಎರಡು ಸಾಲು ಮೇಲ್ ಮಾಡು. "ಪದಮಿತಿಯಲ್ಲಿ ಕೋಷ್ಟಕ, ಅಡಿಟಿಪ್ಪಣಿ, ಅನುಬಂಧ ಇವುಗಳಲ್ಲಿ ಯಾವುದು ಸೇರುತ್ತದೆ" ಎಂದು ಒಂದೊಂದನ್ನೂ ಹೆಸರಿಸಿ ಕೇಳು. ಸುಮ್ನೆ "ಪದಮಿತಿ ಹೇಗೆ" ಎಂದು ಕೇಳಿದರೆ "4000" ಎಂದಷ್ಟೇ ಉತ್ತರ ಬರುತ್ತದೆ.

ಕೇಳಿದವರು

ಮೇಲ್ ಕಳಿಸಿದೆ, ಉತ್ತರ ಇನ್ನೂ ಬಂದಿಲ್ಲ. ಪೆರ್ಲದ ಅಣ್ಣಾ, ನಿಮ್ಮ ಮನೆಗೆ ಶನಿವಾರಕ್ಕೆ ಮೊದಲೇ ಬರಲಾ? ಪ್ರಶ್ನಾವಳಿಯನ್ನು ಒಂದು ಮನೆಯಲ್ಲಿ ಕೇಳಿ ನೋಡಬೇಕು. 20ರ ಲೆಕ್ಕಕ್ಕೆ ನಿಮ್ಮ ಮನೆಯನ್ನು ಸೇರಿಸುವುದಿಲ್ಲ.

ಅಡಿಕೆ ತೋಟದವರು, ಪೆರ್ಲ

ಗುರುವಾರ ಬಾ ತಂಗಿ. ಬೋರ್‌ವೆಲ್ ಯಾವ ವರ್ಷ ಎಂದು ಅಮ್ಮನ ಹತ್ತಿರ ಕೇಳಿಡುತ್ತೇನೆ, ನನಗೂ ಸರಿ ನೆನಪಿಲ್ಲ.