ಸಹಾಯ ಬೇಕು: ಟಿವಿ ತಾನಾಗೇ ಆನ್-ಆಫ್ ಆಗ್ತಿದೆ, ತಪ್ಪು ಪವರ್ ಬೋರ್ಡ್‌ದಾ, ಮೇನ್ ಬೋರ್ಡ್‌ದಾ?

32 ಇಂಚಿನ ಎಲ್‌ಇಡಿ ಟಿವಿ, ಐದು ವರ್ಷ ಹಳೇದು. ಆನ್ ಆಗಿ ಲೋಗೋ ಬರುತ್ತೆ, ಹತ್ತು ಸೆಕೆಂಡಲ್ಲಿ ಆಫ್, ಮತ್ತೆ ತಾನೇ ಆನ್.

ಮೊದಲು ರಿಮೋಟ್ ಸೆಲ್ ತೆಗೆದಿಟ್ಟೆ. ಪವರ್ ಕೀ ಒಳಗೇ ಅಂಟಿಕೊಂಡಿದ್ರೆ ಇಷ್ಟಕ್ಕೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಟಿವಿ ಮೇಲಿನ ಬಟನ್ ಬೋರ್ಡಿನ ವೈರೂ ಬಿಚ್ಚಿದೆ, ಅದೇ ಕಥೆ. ಆಮೇಲೆ ಎಚ್‌ಡಿಎಂಐ. ಸೆಟ್‌ಟಾಪ್ ಬಾಕ್ಸ್ ಸಿಇಸಿ ಮೂಲಕ ಟಿವಿನ ಎಬ್ಬಿಸೋದುಂಟು. ಸೆಟ್ಟಿಂಗಲ್ಲಿ ಆಫ್ ಮಾಡಿದ್ದು ಸಾಲದು ಅಂತ ಕೇಬಲ್‌ಗಳನ್ನೇ ಕಿತ್ತಿಟ್ಟೆ. ಬದಲಾವಣೆ ಇಲ್ಲ.

ಹಿಂಬದಿ ಬಿಚ್ಚಿ ಮೀಟರ್ ಹಿಡಿದಾಗ ಸುಳಿವು ಸಿಕ್ತು. ಸ್ಟ್ಯಾಂಡ್‌ಬೈಯಲ್ಲಿ 5.1 ವೋಲ್ಟ್ ಇದೆ, ಆನ್ ಆಗೋ ಕ್ಷಣಕ್ಕೆ 4.2ಕ್ಕೆ ಕುಸಿಯುತ್ತೆ, ಆಗಲೇ ಪ್ರೊಸೆಸರ್ ರೀಸೆಟ್ ಆಗ್ತಿದೆ. ಆ ಲೈನಿನ 1000 ಮೈಕ್ರೋಫ್ಯಾರಡ್, 10 ವೋಲ್ಟ್ ಕೆಪಾಸಿಟರ್ ತಲೆ ಉಬ್ಬಿತ್ತು. 16 ವೋಲ್ಟಿನದು, 105 ಡಿಗ್ರಿ, ಲೋ ಇಎಸ್‌ಆರ್ ಹಾಕಿದೆ. ಈಗ ಕುಸಿತ 4.5ರವರೆಗೆ ಮಾತ್ರ, ಆದ್ರೂ ರೀಸೆಟ್ ನಿಂತಿಲ್ಲ. ಬ್ಯಾಕ್‌ಲೈಟ್ ಕನೆಕ್ಟರ್ ತೆಗೆದರೂ ಅಷ್ಟೇ.

ಗೊಂದಲ ಇಲ್ಲೇ ಇರೋದು. ಮೇನ್ ಬೋರ್ಡ್ ಕೇಬಲ್ ಬಿಚ್ಚಿ, 5 ವೋಲ್ಟ್ ಲೈನಿಗೆ 10 ಓಮ್, 5 ವ್ಯಾಟ್ ರೆಸಿಸ್ಟರ್ ಲೋಡ್ ಕೊಟ್ಟರೆ 5.05 ಗಟ್ಟಿಯಾಗಿ ನಿಲ್ಲುತ್ತೆ. ಆದ್ರೆ ಅದು ಬರೀ ಅರ್ಧ ಆಂಪಿಯರ್. ಮೇನ್ ಬೋರ್ಡ್ ಏಳುವಾಗ ಅದಕ್ಕಿಂತ ಹೆಚ್ಚು ಎಳೆಯಬಹುದು.

4.7 ಓಮ್, 10 ವ್ಯಾಟ್ ಹಾಕಿ ಒಂದು ಆಂಪಿಯರ್ ಲೋಡಲ್ಲಿ ನೋಡಿದರೆ ಪವರ್ ಬೋರ್ಡ್ ಸರಿ ಇದೆಯೋ ಇಲ್ಲವೋ ಅಂತ ಖಚಿತ ಆಗುತ್ತಾ? ಅಲ್ಲೂ 5 ವೋಲ್ಟ್ ನಿಂತರೆ ಮೇನ್ ಬೋರ್ಡಿನಲ್ಲಿ ಮೊದಲು ಯಾವ ಭಾಗ ಅಳೀಬೇಕು?